ಆಹಾರ ಜಾಲದ ಚಿತ್ರದಲ್ಲಿ ಬಾಣಗಳು ‘ಉಲ್ಟಾ’ ಇವೆಯೇ?

ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಹರಿದಾಡುತ್ತಿದ್ದ ಒಂದು ಫೋಟೋವನ್ನು ಓದುಗರೊಬ್ಬರು ನಮಗೆ ಕಳುಹಿಸಿದ್ದರು. ಮಕ್ಕಳ ಪುಸ್ತಕದ ಒಂದು ಪುಟ ಅದು. ಚಿತ್ರದಲ್ಲಿ ಭತ್ತದಿಂದ ಇಲಿಗೆ, ಇಲಿಯಿಂದ ಹಾವಿಗೆ, ಹಾವಿನಿಂದ ಹದ್ದಿಗೆ ಬಾಣ ಎಳೆಯಲಾಗಿತ್ತು. ಯಾರೋ ಅದಕ್ಕೆ ಕೆಂಪು ವೃತ್ತ ಹಾಕಿ, ‘ಭತ್ತ ಇಲಿಯನ್ನು ತಿನ್ನುತ್ತದೆಯಂತೆ! ನಮ್ಮ ಮಕ್ಕಳಿಗೆ ಇದನ್ನೇ ಕಲಿಸೋದಾ?’ ಎಂದು ಬರೆದಿದ್ದರು. ಏಳನೇ ತರಗತಿಯಲ್ಲಿರುವ ಮಗಳು ಇದನ್ನು ನೋಡಿ, ಮರುದಿನದ ಪರೀಕ್ಷೆಗೆ ಬಾಣಗಳನ್ನೆಲ್ಲ ತಿರುಗಿಸಿ ಬರೆಯಲು ಅಭ್ಯಾಸ ಮಾಡುತ್ತಿದ್ದಾಳೆ, ಯಾವುದು ಸರಿ ಎಂದು ಅವರು ಕೇಳಿದ್ದರು.

ಪುಸ್ತಕವೇ ಸರಿ. ಹಾಗೆಂದು ಫಾರ್ವರ್ಡ್ ಮಾಡಿದವರನ್ನು ನೋಡಿ ನಗಬೇಕಿಲ್ಲ, ಈ ಗೊಂದಲ ದೊಡ್ಡವರಲ್ಲೂ ಸಾಮಾನ್ಯ. ‘ಇಲಿ ಭತ್ತವನ್ನು ತಿನ್ನುತ್ತದೆ’ ಎಂದು ನಾವು ಮಾತಾಡುವಾಗ ಇಲಿ ಮೊದಲು ಬರುತ್ತದೆ. ಹಾಗಾಗಿ ಬಾಣವೂ ಇಲಿಯಿಂದಲೇ ಹೊರಡಬೇಕು ಅನ್ನಿಸುತ್ತದೆ. ಆದರೆ ಆಹಾರ ಜಾಲದ ಬಾಣ ‘ಯಾರು ಯಾರನ್ನು ಹಿಡಿದರು’ ಎಂದು ಹೇಳುವುದಿಲ್ಲ. ಆಹಾರ, ಅಂದರೆ ಅದರೊಳಗಿನ ಶಕ್ತಿ, ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಹೇಳುತ್ತದೆ. ಭತ್ತದಲ್ಲಿದ್ದ ಶಕ್ತಿ ಇಲಿಯ ಹೊಟ್ಟೆಗೆ ಹೋಯಿತು. ಆದ್ದರಿಂದ ಬಾಣದ ಬಾಲ ಭತ್ತದ ಕಡೆ, ತಲೆ ಇಲಿಯ ಕಡೆ. ಮಗುವಿಗೆ ಹೇಳಿಕೊಡುವಾಗ ಬಾಣವನ್ನು ‘ತಿನ್ನುತ್ತದೆ’ ಎಂದು ಓದಿಸಬೇಡಿ, ‘ಹೊಟ್ಟೆಗೆ ಹೋಗುತ್ತದೆ’ ಎಂದು ಓದಿಸಿ. ಭತ್ತ ಇಲಿಯ ಹೊಟ್ಟೆಗೆ, ಇಲಿ ಹಾವಿನ ಹೊಟ್ಟೆಗೆ. ಹೀಗೆ ಓದಿದರೆ ಬಾಣ ತಪ್ಪುವುದು ಕಷ್ಟ.

ಈಗ ಒಂದು ಹಾಳೆ ತೆಗೆದುಕೊಂಡು ಭತ್ತದ ಗದ್ದೆಯೊಂದನ್ನು ಬಿಡಿಸೋಣ. ಕೆಳಗೆ ಭತ್ತ ಎಂದು ಬರೆಯಿರಿ. ಅದರಿಂದ ಮೂರು ಬಾಣ: ಮಿಡತೆಗೆ, ಕಂದು ಜಿಗಿಹುಳುವಿಗೆ, ಇಲಿಗೆ. ಮಿಡತೆಯಿಂದ ಕಪ್ಪೆಗೆ ಒಂದು. ಜಿಗಿಹುಳುವಿನಿಂದ ಎರಡು, ಜೇಡಕ್ಕೊಂದು, ಕಪ್ಪೆಗೊಂದು. ಕಪ್ಪೆ ಜೇಡವನ್ನೂ ಬಿಡುವುದಿಲ್ಲ, ಹಾಗಾಗಿ ಜೇಡದಿಂದ ಕಪ್ಪೆಗೂ ಒಂದು. ಕಪ್ಪೆಯಿಂದ ಕೇರೆ ಹಾವಿಗೆ, ಇಲಿಯಿಂದಲೂ ಕೇರೆ ಹಾವಿಗೆ. ಇಲಿಯಿಂದ ಗೂಬೆಗೆ, ಹದ್ದಿಗೆ. ಕೊನೆಗೆ ಕೇರೆ ಹಾವಿನಿಂದ ಹದ್ದಿಗೆ. ಒಟ್ಟು 9 ಜೀವಿಗಳು, 12 ಬಾಣಗಳು. ನಿಜವಾದ ಗದ್ದೆಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಇರುತ್ತವೆ, ಅಷ್ಟನ್ನೂ ಬರೆದರೆ ಹಾಳೆ ಸಾಲದು.

ಬಾಣ ಸರಿಯಾದರೆ ಉಳಿದದ್ದನ್ನು ಬಾಯಿಪಾಠ ಮಾಡಬೇಕಿಲ್ಲ. ಯಾವ ಜೀವಿಯ ಕಡೆಗೂ ಒಂದೂ ಬಾಣ ಬರದಿದ್ದರೆ ಅದು ಉತ್ಪಾದಕ. ಇಲ್ಲಿ ಅದು ಭತ್ತ ಮಾತ್ರ, ಏಕೆಂದರೆ ಅದು ಯಾರನ್ನೂ ತಿನ್ನದೆ ಬಿಸಿಲಿನ ಶಕ್ತಿಯಿಂದ ತನ್ನ ಆಹಾರವನ್ನು ತಾನೇ ತಯಾರಿಸುತ್ತದೆ. ಯಾವುದರಿಂದ ಒಂದೂ ಬಾಣ ಹೊರಡುವುದಿಲ್ಲವೋ ಅದು ಉನ್ನತ ಪರಭಕ್ಷಕ. ನಮ್ಮ ಚಿತ್ರದಲ್ಲಿ ಎರಡಿವೆ, ಹದ್ದು ಮತ್ತು ಗೂಬೆ. ‘ಹದ್ದು ಸತ್ತ ಮೇಲೆ?’ ಎಂದು ಚುರುಕಾದ ಮಗು ಕೇಳಿಯೇ ಕೇಳುತ್ತದೆ. ಆಗ ಬ್ಯಾಕ್ಟೀರಿಯಾ, ಶಿಲೀಂಧ್ರಗಳಂತಹ ವಿಘಟಕರು ಅದನ್ನು ಕೊಳೆಸುತ್ತವೆ. ಶಾಲೆಯ ಚಿತ್ರಗಳಲ್ಲಿ ಆ ಬಾಣಗಳನ್ನು ಸಾಮಾನ್ಯವಾಗಿ ಬಿಟ್ಟಿರುತ್ತಾರೆ, ಏಕೆಂದರೆ ಎಲ್ಲ ಜೀವಿಗಳಿಂದಲೂ ಒಂದೊಂದು ಎಳೆಯಬೇಕಾಗುತ್ತದೆ.

ಹದ್ದು ಎಷ್ಟನೇ ಹಂತದಲ್ಲಿದೆ ಎಂಬ ಪ್ರಶ್ನೆಯೂ ಬರಬಹುದು. ಬೆರಳಿಟ್ಟು ಎಣಿಸಿ. ಭತ್ತ, ಇಲಿ, ಹದ್ದು ಎಂದು ಹೋದರೆ ಮೂರನೆಯದು. ಭತ್ತ, ಜಿಗಿಹುಳು, ಜೇಡ, ಕಪ್ಪೆ, ಕೇರೆ ಹಾವು, ಹದ್ದು ಎಂದು ಹೋದರೆ ಆರನೆಯದು. ಎರಡೂ ಸರಿ. ಸರಪಳಿಯ ಬದಲು ‘ಜಾಲ’ ಎನ್ನುವುದು ಇದಕ್ಕೇ.

ಪರೀಕ್ಷೆಯಲ್ಲಿ ತಪ್ಪದೆ ಬರುವ ಇನ್ನೊಂದು ಪ್ರಶ್ನೆ: ಗದ್ದೆಯಲ್ಲಿ ಕಪ್ಪೆಗಳೇ ಇಲ್ಲವಾದರೆ ಏನಾಗುತ್ತದೆ? ಇದು ಬರೀ ಕಲ್ಪನೆಯಲ್ಲ. ನಮ್ಮ ದೇಶದಿಂದ ಕಪ್ಪೆ ಕಾಲುಗಳು ಒಂದು ಕಾಲದಲ್ಲಿ ವಿದೇಶಕ್ಕೆ ರಫ್ತಾಗುತ್ತಿದ್ದವು, ಅದನ್ನು ಸರ್ಕಾರ ನಿಲ್ಲಿಸಿದ್ದು 1987ರಲ್ಲಿ. ಗೈಡ್ ಪುಸ್ತಕದ ಉತ್ತರ ‘ಕೀಟಗಳು ಹೆಚ್ಚುತ್ತವೆ, ಹಾವುಗಳು ಸಾಯುತ್ತವೆ’ ಎಂದಿರುತ್ತದೆ. ಅರ್ಧ ಸರಿ. ಕಪ್ಪೆಯನ್ನು ಹೆಬ್ಬೆರಳಿನಿಂದ ಮುಚ್ಚಿ ಚಿತ್ರ ನೋಡಿ. ಮಿಡತೆಯನ್ನು ತಿನ್ನುವವರು ಯಾರೂ ಉಳಿಯಲಿಲ್ಲ, ಅದು ಹೆಚ್ಚುವುದು ನಿಜ. ಕೇರೆ ಹಾವಿಗೆ ಇಲಿಯ ಬಾಣ ಇನ್ನೂ ಇದೆ, ಅದು ಉಪವಾಸ ಬೀಳುವುದಿಲ್ಲ. ಜಿಗಿಹುಳುವಿನ ಕಥೆ ಸ್ವಲ್ಪ ಸಿಕ್ಕು. ಒಬ್ಬ ಶತ್ರು ಹೋದ, ಆದರೆ ಕಪ್ಪೆಯ ಭಯವಿಲ್ಲದೆ ಜೇಡಗಳು ಹೆಚ್ಚಾಗಿ ಜಿಗಿಹುಳುಗಳನ್ನು ಇನ್ನಷ್ಟು ತಿನ್ನಬಹುದು. ಅದು ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂದು ಈ ಚಿತ್ರ ನೋಡಿ ಹೇಳಲಾಗದು. ಯಾರು ಎಷ್ಟು ತಿನ್ನುತ್ತಾರೆ ಎಂಬ ಲೆಕ್ಕ ಬಾಣದಲ್ಲಿ ಇರುವುದಿಲ್ಲ, ದಾರಿ ಮಾತ್ರ ಇರುತ್ತದೆ.

ಈ ದಾರಿಯನ್ನು ಮರೆತರೆ ಎಷ್ಟು ನಷ್ಟ ಎಂಬುದಕ್ಕೆ ಅದೇ ಜಿಗಿಹುಳು ಸಾಕ್ಷಿ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ರೈತರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಪೈರಿನ ಬುಡದಲ್ಲಿ ಕೂತು ರಸ ಹೀರುತ್ತದೆ, ಹೆಚ್ಚಾದರೆ ಗದ್ದೆಯ ನಡುವೆ ಅಲ್ಲಲ್ಲಿ ದುಂಡಗೆ ಬೆಂಕಿಯಲ್ಲಿ ಸುಟ್ಟಂತೆ ಪೈರು ಒಣಗುತ್ತದೆ. ಹುಳು ಕಂಡ ಕೂಡಲೇ ಔಷಧಿ ಹೊಡೆಯಬೇಕು ಅನ್ನಿಸುವುದು ಸಹಜ. ಆದರೆ ಸಿಕ್ಕಿದ್ದನ್ನೆಲ್ಲ ಕೊಲ್ಲುವ ಔಷಧಿ ಹೊಡೆದಾಗ ಜಿಗಿಹುಳುವಿನ ಜೊತೆಗೆ ಜೇಡವೂ ಸಾಯುತ್ತದೆ. ಜಿಗಿಹುಳುವಿನ ಮೊಟ್ಟೆಗಳಾದರೋ ಪೈರಿನ ಎಲೆಕವಚದ ಒಳಗೆ ಹುದುಗಿರುವುದರಿಂದ ಬಹಳಷ್ಟು ಉಳಿದುಕೊಳ್ಳುತ್ತವೆ. ಕೆಲವು ದಿನಗಳಲ್ಲಿ ಮರಿಗಳು ಹೊರಬಂದಾಗ ಅವುಗಳನ್ನು ಹಿಡಿಯಲು ಜೇಡಗಳಿಲ್ಲ. ಹುಳು ಮೊದಲಿಗಿಂತ ಹೆಚ್ಚಾಗುತ್ತದೆ, ಮತ್ತೆ ಔಷಧಿ, ಮತ್ತೆ ಹುಳು.

ಇಂಡೋನೇಷ್ಯಾ ದೇಶ ಇದನ್ನು ದೊಡ್ಡ ಮಟ್ಟದಲ್ಲಿ ಅನುಭವಿಸಿತು. ಅಲ್ಲಿ ಕೀಟನಾಶಕಕ್ಕೆ ಸರ್ಕಾರವೇ ಸಬ್ಸಿಡಿ ಕೊಡುತ್ತಿತ್ತು, ಆದರೂ ಜಿಗಿಹುಳು ಮತ್ತೆ ಮತ್ತೆ ದಾಳಿ ಮಾಡಿತು. ಕೊನೆಗೆ 1986ರಲ್ಲಿ ಅಧ್ಯಕ್ಷ ಸುಹಾರ್ತೊ ಅವರ ಆದೇಶದ ಮೂಲಕ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಲಾಯಿತು. ಗದ್ದೆಯ ಬುಡಗಳನ್ನು ಬಗ್ಗಿ ನೋಡಿ ಹುಳು ಎಷ್ಟಿದೆ, ಜೇಡ ಎಷ್ಟಿದೆ ಎಂದು ಎಣಿಸಲು ರೈತರಿಗೆ ತರಬೇತಿ ಶುರುವಾಯಿತು. ನಮ್ಮ ಹಾಳೆಯ ಮೇಲಿನ ಒಂದು ಬಾಣ, ಜಿಗಿಹುಳುವಿನಿಂದ ಜೇಡಕ್ಕೆ ಹೋಗುವುದು, ಅಲ್ಲಿ ಸರ್ಕಾರದ ನೀತಿಯಾಯಿತು ಅನ್ನಬಹುದು.

ಓದುಗರಿಗೆ ಇಷ್ಟನ್ನೂ ಬರೆದು ಕಳುಹಿಸಿದ ಮೇಲೆ ಮಗಳಿಂದ ಒಂದು ಧ್ವನಿ ಸಂದೇಶ ಬಂತು. ಬಾಣಗಳನ್ನು ಮೊದಲಿನಂತೆಯೇ ಬರೆದಿದ್ದಾಳೆ. ಆದರೆ ಇನ್ನೊಂದು ಪ್ರಶ್ನೆ: ‘ಇದರಲ್ಲಿ ನಮ್ಮನ್ನು ಎಲ್ಲಿ ಬರೆಯೋದು?’ ಭತ್ತದಿಂದ ಇನ್ನೊಂದು ಬಾಣ ಎಳೆದು ಅದರ ತುದಿಯಲ್ಲಿ ‘ಮನುಷ್ಯ’ ಎಂದು ಬರೆ ಎಂದೆವು. ಬರೀ ಅನ್ನ ತಿನ್ನುವ ಹೊತ್ತಿಗೆ ನಮ್ಮ ಜಾಗ ಹದ್ದಿನ ಪಕ್ಕ ಅಲ್ಲ, ಇಲಿಯ ಪಕ್ಕ.