ನೇಣು ಗ್ಯಾರಂಟಿ ಅಂದವನಿಗೆ ಹುಚ್ಚೇ?

ಇಂಗ್ಲೆಂಡಿನಲ್ಲಿ ವಿಂಡಲ್ ಎಂಬ ನಲವತ್ತರ ಗಂಡಸು ತನಗಿಂತ ಹದಿನೆಂಟು ವರ್ಷ ದೊಡ್ಡವಳನ್ನು ಮದುವೆಯಾಗಿದ್ದ. ಆಕೆಗೆ ದಿನವಿಡೀ ಸಾಯುವ ಮಾತೇ. ಅದನ್ನು ಕೇಳಿ ಕೇಳಿ ಅವನ ತಲೆಯೂ ಕೆಟ್ಟಿತ್ತು. ಕೆಲಸದ ಜಾಗದಲ್ಲಿ ಅವನದು ಅದೇ ಗೋಳು. ರೋಸಿಹೋದ ಸಹೋದ್ಯೋಗಿಯೊಬ್ಬ, ‘ಒಂದು ಡಜನ್ ಆಸ್ಪಿರಿನ್ ಕೊಟ್ಟುಬಿಡೋ’ ಎಂದ. ವಿಂಡಲ್ ನೂರು ಮಾತ್ರೆ ಕೊಟ್ಟ. ಆಕೆ ಸತ್ತಳು. ಅವನೇ ಪೊಲೀಸರಿಗೆ ತಿಳಿಸಿ, ‘ಇದಕ್ಕೆ ನನ್ನನ್ನು ನೇಣಿಗೆ ಹಾಕ್ತಾರೆ ಅನ್ಸುತ್ತೆ’ ಎಂದ.

1952ರಲ್ಲಿ ಕೇಸು ನಡೆದಾಗ ಅವನ ಬುದ್ಧಿ ನೆಟ್ಟಗಿರಲಿಲ್ಲ ಎನ್ನಲು ವೈದ್ಯರ ಸಾಕ್ಷ್ಯವಿತ್ತು. ಆದರೆ ತಾನು ಮಾಡಿದ್ದು ಕಾನೂನಿಗೆ ವಿರುದ್ಧವೆಂದು ಅವನಿಗೆ ತಿಳಿದಿತ್ತು ಎಂದು ಎರಡೂ ಕಡೆಯ ವೈದ್ಯರು ಒಪ್ಪಿದರು. ಅಲ್ಲಿಗೆ ಮುಗಿಯಿತು. ಹುಚ್ಚಿನ ವಾದವನ್ನು ಜ್ಯೂರಿಯ ಮುಂದೆ ಇಡಲೂ ನ್ಯಾಯಾಧೀಶರು ಬಿಡಲಿಲ್ಲ; ಮೇಲ್ಮನವಿಯಲ್ಲೂ ಶಿಕ್ಷೆ ನಿಂತಿತು.

ಇಷ್ಟು ಕಟ್ಟುನಿಟ್ಟಿನ ಈ ಅಳತೆಗೋಲು ಹುಟ್ಟಿದ್ದು 1843ರಲ್ಲಿ. ಡೇನಿಯಲ್ ಮ್ಯಾಕ್‌ನಾಟನ್ ಎಂಬ ಸ್ಕಾಟ್ಲೆಂಡಿನವನು, ಆಡಳಿತ ಪಕ್ಷದವರು ತನ್ನ ಬೆನ್ನು ಬಿದ್ದಿದ್ದಾರೆಂದು ನಂಬಿ, ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಗೆ ಗುಂಡು ಹೊಡೆದ. ಜ್ಯೂರಿ ಅವನನ್ನು ನಿರ್ದೋಷಿ ಎಂದಾಗ ಗದ್ದಲವೆದ್ದಿತು. ಆಗ ನ್ಯಾಯಾಧೀಶರು ಸೂತ್ರವೊಂದನ್ನು ಹೇಳಿದರು: ಮನೋರೋಗದಿಂದಾಗಿ ತಾನು ಮಾಡುತ್ತಿರುವ ಕೆಲಸ ಎಂಥದ್ದೆಂದೇ ಅವನಿಗೆ ಗೊತ್ತಿರಬಾರದು, ಇಲ್ಲವೇ ಅದು ತಪ್ಪೆಂದು ಗೊತ್ತಿರಬಾರದು. ಕುಂಬಳಕಾಯಿ ಒಡೆಯುತ್ತಿದ್ದೇನೆ ಎಂದುಕೊಂಡು ಹೆಂಡತಿಯ ಕುತ್ತಿಗೆಗೆ ಮಚ್ಚು ಹಾಕುವವನು ಮೊದಲನೆಯದರಲ್ಲಿ ಪಾರಾಗುತ್ತಾನೆ. ಆದರೆ ಹಾಗೆ ಕೊಲ್ಲುವವರು ಎಷ್ಟು ಜನ? ತಿಳಿದೂ ತಿಳಿದೂ ಕೈ ತಡೆಯಲಾಗದವರೇ ಕೋರ್ಟಿಗೆ ಹೆಚ್ಚು ಬರುವವರು, ಅವರಿಗೆ ಈ ಸೂತ್ರದಲ್ಲಿ ಜಾಗವಿಲ್ಲ. ಅದು ಕೇಳುವುದು ತಿಳಿವಳಿಕೆಯನ್ನು ಮಾತ್ರ, ಹಿಡಿತವನ್ನಲ್ಲ.

ಸ್ಕಾಟ್ಲೆಂಡಿನ ಕೋರ್ಟುಗಳು ಹತ್ತೊಂಬತ್ತನೇ ಶತಮಾನದಲ್ಲೇ ಇದಕ್ಕೊಂದು ನಡುದಾರಿ ಕಂಡುಕೊಂಡಿದ್ದವು. ಇಂಗ್ಲೆಂಡ್ ಅದನ್ನು 1957ರ ನರಹತ್ಯಾ ಕಾಯ್ದೆಯಲ್ಲಿ ತಂದಿತು. ವಿಂಡಲ್‌ಗೆ ಐದು ವರ್ಷ ತಡವಾಯಿತು. ಇದನ್ನು ‘ತಗ್ಗಿದ ಹೊಣೆಗಾರಿಕೆ’ ಎನ್ನೋಣ. ಇಲ್ಲಿ ಆರೋಪಿಗೆ ಬಿಡುಗಡೆ ಸಿಗುವುದಿಲ್ಲ. ಅಪರಾಧ ಸಾಬೀತಾಗುತ್ತದೆ, ಆದರೆ ಕೊಲೆಯಿಂದ ಒಂದು ಮೆಟ್ಟಿಲು ಕೆಳಗಿನ ನರಹತ್ಯೆಗೆ ಇಳಿಯುತ್ತದೆ. ಕೊಲೆಗೆ ಶಿಕ್ಷೆ ಕಾನೂನೇ ಗೊತ್ತುಮಾಡಿದ್ದು, ನರಹತ್ಯೆಗೆ ಎಷ್ಟೆಂದು ನ್ಯಾಯಾಧೀಶರು ತೂಗಿ ಹೇಳಬಹುದು.

1960ರ ಬರ್ನ್ ಪ್ರಕರಣದಲ್ಲಿ ಇದರ ವ್ಯಾಪ್ತಿ ಗೊತ್ತಾಯಿತು. ಅವನು ವಸತಿಗೃಹದಲ್ಲಿ ಯುವತಿಯೊಬ್ಬಳನ್ನು ಕತ್ತು ಹಿಸುಕಿ ಕೊಂದಿದ್ದ. ಏನು ಮಾಡುತ್ತಿದ್ದೇನೆಂದು ಬಲ್ಲ, ಆದರೆ ವಿಕೃತ ಲೈಂಗಿಕ ಒತ್ತಡವನ್ನು ತಡೆದುಕೊಳ್ಳಲಾರ ಎಂದರು ವೈದ್ಯರು. ಮನಸ್ಸಿನ ಅಸಹಜತೆ ಎಂದರೆ ಗ್ರಹಿಕೆಯಷ್ಟೇ ಅಲ್ಲ, ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವ ಬಲವೂ ಹೌದು ಎಂದು ಮೇಲ್ಮನವಿ ನ್ಯಾಯಾಲಯ ಕೊಲೆಯನ್ನು ನರಹತ್ಯೆಗೆ ಇಳಿಸಿತು. ಜೀವಾವಧಿ ಮಾತ್ರ ಹಾಗೇ ಉಳಿಯಿತು! ಅವನು ಅಪಾಯಕಾರಿ ಎನ್ನುವುದು ಬದಲಾಗಿರಲಿಲ್ಲವಲ್ಲ. ಈಗ 2009ರ ಕಾಯ್ದೆ ಇದನ್ನು ಬಿಗಿ ಮಾಡಿದೆ: ವೈದ್ಯಶಾಸ್ತ್ರ ಒಪ್ಪಿದ ಕಾಯಿಲೆ ಇರಬೇಕು, ಆ ಕೃತ್ಯಕ್ಕೆ ಅದು ಕಾರಣವಾಗಿರಬೇಕು.

ನಮ್ಮಲ್ಲಿ ಇರುವುದು ಮೊದಲ ಬಾಗಿಲೊಂದೇ. ದಂಡ ಸಂಹಿತೆಯ 84ನೇ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 22 ಆಗಿದೆ. ಮೂಲ ಪ್ರಶ್ನೆ ಬದಲಾಗಿಲ್ಲ. ಕಾಯಿಲೆ ಇದೆ ಎಂದು ವೈದ್ಯರ ಚೀಟಿ ತೋರಿಸಿದರೆ ಸಾಲದು. ಆ ಗಳಿಗೆಯಲ್ಲಿ ತಿಳಿವಳಿಕೆ ಇರಲಿಲ್ಲವೆಂದು ಆರೋಪಿ ತೋರಿಸಬೇಕು. ಗುಜರಾತಿನ ದಾಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ ಹೆಂಡತಿಯ ಮೈಮೇಲೆ 44 ಗಾಯಗಳಿದ್ದವು. ಅಷ್ಟು ಗಾಯ ಕಂಡವರಿಗೆ ಹುಚ್ಚೇ ಅನ್ನಿಸಬಹುದು. ಆದರೆ ಮಗಳನ್ನು ಕರೆದುಕೊಂಡು ಹೋಗಿ ಎಂದು ಅವನು ಮಾವನಿಗೆ ಮೊದಲೇ ಬರೆದಿದ್ದ ಕಾಗದವಿತ್ತು. ಕೃತ್ಯಕ್ಕೆ ಮೊದಲು, ಆಗ ಮತ್ತು ಆಮೇಲೆ ಅವನು ನಡೆದುಕೊಂಡ ರೀತಿಯನ್ನೆಲ್ಲ ನೋಡಬೇಕೆಂದ ಸುಪ್ರೀಂ ಕೋರ್ಟ್, 1964ರಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ವಾದ ಗೆದ್ದವನೂ ನೇರ ಮನೆಗೆ ಹೋಗುವುದಿಲ್ಲ, ಸುರಕ್ಷಿತ ಸ್ಥಳದಲ್ಲಿ ಇರಿಸುವ ವ್ಯವಸ್ಥೆ ಕಾನೂನಿನಲ್ಲೇ ಇದೆ.

ವಿಂಡಲ್ ಇಂದು ಬೆಂಗಳೂರಿನ ಕೋರ್ಟಿನಲ್ಲಿ ನಿಂತಿದ್ದರೆ? ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆ ನಮ್ಮಲ್ಲಿ ಅವನ ವಿರುದ್ಧ ಸಾಕ್ಷ್ಯವಾಗುವುದಿಲ್ಲ. ಉಳಿದದ್ದರಿಂದಲೇ ಅವನಿಗೆ ತಿಳಿವಳಿಕೆ ಇತ್ತೆಂದು ಕಂಡುಬಂದರೆ ಅದು ಕೊಲೆಯೇ. ಅವನ ಕಾಯಿಲೆಯ ಮಾತು ಆಮೇಲೆ, ಶಿಕ್ಷೆಯ ಪ್ರಮಾಣ ಗೊತ್ತುಮಾಡುವಾಗ ಬರುತ್ತದೆ. ಅದನ್ನು ನೋಡಿ ಮರಣದಂಡನೆ ಬೇಡ ಎನ್ನಲು ನ್ಯಾಯಾಧೀಶರಿಗೆ ಅವಕಾಶವಿದೆ. ಜೀವಾವಧಿಗಿಂತ ಕಡಿಮೆ ಕೊಡಲು ಇಲ್ಲ.