ಒಳಗೆ ಹೋದದ್ದೂ ಹೊರಗೆ ಬಂದದ್ದೂ ಸಮವಾದರೆ ಸಾಕೇ?

ಇನ್‌ಟೇಕ್-ಔಟ್‌ಪುಟ್ ಚಾರ್ಟ್‌ನ ಎರಡು ಮೊತ್ತಗಳು ಹತ್ತಿರ ಹತ್ತಿರ ಇದ್ದರೆ ರೋಗಿ ಚೆನ್ನಾಗಿದ್ದಾನೆ ಎಂಬ ನಂಬಿಕೆ ವಾರ್ಡ್‌ಗಳಲ್ಲಿ ಬೇರೂರಿದೆ. ಬೇರೆ ರೋಗಿಗಳಿಗೆ ಅದು ಹೊಂದಬಹುದು. ಹೃದಯ ಸೋತು ಕಾಲು ಊದಿಕೊಂಡು, ಫ್ಯುರೋಸೆಮೈಡ್ ಪಡೆಯುತ್ತಿರುವವರಿಗೆ ಹೊಂದುವುದಿಲ್ಲ. ಮೈಯಲ್ಲಿ ತುಂಬಿಕೊಂಡ ನೀರನ್ನು ಇಳಿಸುವುದಕ್ಕೇ ಆ ಔಷಧಿ ಕೊಟ್ಟಿರುವುದು. ಮೊತ್ತಗಳು ಸಮವಾದರೆ ಊತ ಬಹುಪಾಲು ಇದ್ದಲ್ಲೇ ಇದೆ ಎಂದರ್ಥ. ಅಲ್ಲಿ ಬೇಕಾದದ್ದು ವೈದ್ಯರು ಗೊತ್ತುಪಡಿಸಿದಷ್ಟು ಋಣ ವ್ಯತ್ಯಾಸ. ಆ ಗುರಿ ಎಷ್ಟೆಂದು ಚಾರ್ಟ್‌ನ ತಲೆಯಲ್ಲೇ ಬರೆದಿರದಿದ್ದರೆ ಕೇಳಿ ಬರೆಸಿಕೊಳ್ಳಬೇಕು. ‘ಮೂತ್ರ ಧಾರಾಳವಾಗಿ ಹೋಗುತ್ತಿದೆ, ಔಷಧಿ ಹಿಡಿದಿದೆ’ ಎನ್ನುವುದೂ ಅರ್ಧ ಸತ್ಯವೇ. ಎಷ್ಟು ಹೋಯಿತು ಎನ್ನುವುದಕ್ಕೆ ಎಷ್ಟು ಬಂತು ಎನ್ನುವುದು ಜೊತೆಯಾಗದೆ ಬೆಲೆಯಿಲ್ಲ.

ತಪ್ಪು ಹೆಚ್ಚಾಗಿ ನುಸುಳುವುದು ಬಂದದ್ದರ ಕಡೆಯಿಂದ. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. 68 ಕೆಜಿ ತೂಕದ ರೋಗಿ. ದಿನಕ್ಕೆ ಒಂದೂವರೆ ಲೀಟರ್ ದ್ರವದ ಮಿತಿ. ಗುರಿ ಒಂದು ಲೀಟರ್ ಋಣ. ಬೆಳಿಗ್ಗೆ 8ರಿಂದ ಮರುದಿನ 8ರವರೆಗೆ ಚಾರ್ಟ್‌ನಲ್ಲಿ ಕುಡಿದ ನೀರು 800 ಮಿ.ಲೀ., ಮೂತ್ರ 1,900 ಮಿ.ಲೀ. ವ್ಯತ್ಯಾಸ ಋಣ 1,100. ಗುರಿ ಮುಟ್ಟಿದಂತೆ ಕಾಣುತ್ತದೆ. ಆದರೆ ಅದೇ ದಿನ ಮೂರು ಲೋಟ ಕಾಫಿ 300, ಗಂಜಿ 200, ಮಜ್ಜಿಗೆ 150 ಹೊಟ್ಟೆಗೆ ಹೋಗಿದೆ. ನೂರು ಮಿ.ಲೀ. ಸಲೈನ್‌ನಲ್ಲಿ ಬೆರೆಸಿದ ಆ್ಯಂಟಿಬಯಾಟಿಕ್ ಮೂರು ಸಲ ಹೋಗಿದೆ, ಅದು 300. ಕ್ಯಾನುಲಾ ತೊಳೆಯಲು ಹಾಕಿದ್ದು 50. ಎಲ್ಲ ಸೇರಿದರೆ ಬಂದದ್ದು 1,800. ನಿಜವಾದ ವ್ಯತ್ಯಾಸ ಬರೀ ಋಣ 100. ದ್ರವದ ಮಿತಿಯೂ ಮೀರಿದೆ. ಹಿಂದಿನ ಚಾರ್ಟ್ ನಂಬಿದ ವೈದ್ಯರು ಡೋಸ್ ಬದಲಿಸುವುದಿಲ್ಲ, ಊತ ಇಳಿಯುವುದಿಲ್ಲ. ಆದ್ದರಿಂದ ಸೂಚನೆ ಸರಳ: ದ್ರವವಾಗಿ ಹೋಗುವುದೆಲ್ಲವೂ, ಸಾರು ಪಾಯಸ ಸಹ, ಬರೆಯಬೇಕು. ರೋಗಿ ಬಳಸುವ ಲೋಟವನ್ನು ಮೊದಲ ದಿನವೇ ಅಳತೆ ಜಾರ್‌ನಿಂದ ಅಳೆದು ಚಾರ್ಟ್‌ನ ಮೂಲೆಯಲ್ಲಿ ಗುರುತಿಸಿಡಬೇಕು. ಜೊತೆಗಿರುವವರು ಪ್ರೀತಿಯಿಂದ ತಂದುಕೊಡುವ ಎಳನೀರು ಚಾರ್ಟ್‌ಗೆ ಬರುವುದೇ ಅಪರೂಪ. ಅದರಲ್ಲಿ ಪೊಟ್ಯಾಶಿಯಂ ಕೂಡ ಇರುವುದರಿಂದ ಅವರಿಗೆ ಮೊದಲೇ ಹೇಳಿಡಬೇಕು.

ಹೋದದ್ದರ ಕಡೆಯ ತಪ್ಪು ಇದಕ್ಕೆ ತದ್ವಿರುದ್ಧ ಪರಿಣಾಮ ಬೀರುತ್ತದೆ. ಶೌಚಾಲಯಕ್ಕೆ ನಡೆದು ಹೋಗುವ ರೋಗಿಯ ಎರಡು ಸಲದ ಮೂತ್ರ ಲೆಕ್ಕಕ್ಕೆ ಸಿಗದಿದ್ದರೆ ಔಷಧಿ ಸಾಲುತ್ತಿಲ್ಲ ಎನ್ನಿಸಿ ಡೋಸ್ ಏರಬಹುದು; ಆಗ ನೀರು ಮಿತಿ ಮೀರಿ ಇಳಿದು, ಎದ್ದು ನಿಂತಾಗ ರಕ್ತದೊತ್ತಡ ಬೀಳುವುದು, ಕ್ರಿಯಾಟಿನಿನ್ ಏರುವುದು, ಪೊಟ್ಯಾಶಿಯಂ ಇಳಿಯುವುದು ಶುರುವಾಗುತ್ತದೆ. ಹಾಗಾದರೆ ಎಲ್ಲರಿಗೂ ಕ್ಯಾಥೆಟರ್ ಹಾಕಿಬಿಡೋಣವೇ? ಅಳತೆಗೆ ಅನುಕೂಲ ನಿಜ, ಆದರೆ ಅದು ಸೋಂಕಿಗೆ ತೆರೆದ ದಾರಿ. ಎದ್ದು ಓಡಾಡುವವರಿಗೆ ಹೆಸರು ಬರೆದ ಯೂರಿನಲ್ ಕೊಟ್ಟು, ಚೆಲ್ಲಬೇಡಿ ಎಂದು ಹೇಳಿದರೆ ಸಾಮಾನ್ಯವಾಗಿ ಸಾಕು. ಡೈಪರ್ ಇದ್ದರೆ ಒದ್ದೆಯಾದ ಮೇಲಿನ ತೂಕದಿಂದ ಒಣಗಿದ್ದರ ತೂಕ ಕಳೆದು, ಒಂದು ಗ್ರಾಂಗೆ ಒಂದು ಮಿ.ಲೀ. ಎಂದು ಬರೆಯಬಹುದು. ವಾಂತಿ, ನೀರು ಭೇದಿಯನ್ನೂ ಬಿಡಬಾರದು. ಕ್ಯಾಥೆಟರ್ ಇದ್ದವರಲ್ಲಿ ಯೂರೋಬ್ಯಾಗ್ ಮೇಲಿನ ಗೆರೆ ನೋಡಿ ಬರೆಯುವುದು ಅಂದಾಜಷ್ಟೇ. ಜಾರ್‌ಗೆ ಸುರಿದು ಅಳೆಯಬೇಕು. 8 ಗಂಟೆಗೆ ಬ್ಯಾಗ್ ಖಾಲಿ ಮಾಡದೆ ಮೊತ್ತ ಹಾಕಿದರೆ ಇಂದಿನ ಮೂತ್ರ ನಾಳೆಯ ಲೆಕ್ಕಕ್ಕೆ ಸೇರುತ್ತದೆ.

ಇಪ್ಪತ್ನಾಲ್ಕು ಗಂಟೆಯ ಮೊತ್ತ ಒಂದಿದ್ದರೆ ಸಾಕು ಎನ್ನುವುದು ಇನ್ನೊಂದು ನಂಬಿಕೆ. ರಕ್ತನಾಳಕ್ಕೆ ಕೊಟ್ಟ ಫ್ಯುರೋಸೆಮೈಡ್ ಕೆಲವೇ ನಿಮಿಷಗಳಲ್ಲಿ ಕೆಲಸ ಶುರುಮಾಡಿ ಸುಮಾರು ಎರಡು ಗಂಟೆ ನಡೆಯುತ್ತದೆ. ಮಾತ್ರೆಯಾದರೆ ಆರರಿಂದ ಎಂಟು ಗಂಟೆ. ಹಾಗಾಗಿ ಇಂಜೆಕ್ಷನ್‌ಗೆ ಮುಂಚೆ ಬ್ಯಾಗ್ ಖಾಲಿ ಮಾಡಿ, ಕೊಟ್ಟ ಸಮಯವನ್ನು ಚಾರ್ಟ್‌ನಲ್ಲೇ ಬರೆದು, ಮುಂದಿನ ಆರು ಗಂಟೆಯ ಮೂತ್ರವನ್ನು ಗಂಟೆ ಗಂಟೆಗೆ ಅಳೆಯುವುದು ತೀವ್ರ ಹೃದಯ ವೈಫಲ್ಯದಲ್ಲಿ ಬಹಳ ಮುಖ್ಯ. ಆ ಹೊತ್ತಿನಲ್ಲಿ ಗಂಟೆಗೆ ನೂರು ಮಿ.ಲೀ.ಗಿಂತ ಕಡಿಮೆ ಬಂದರೆ ಔಷಧಿಗೆ ಪ್ರತಿಕ್ರಿಯೆ ಸಾಲದು. ಬೆಳಗಿನ ರೌಂಡ್ಸ್‌ಗೆ ಕಾಯದೆ ಆಗಲೇ ವೈದ್ಯರಿಗೆ ತಿಳಿಸಬೇಕು. ಬ್ಯಾಗ್‌ನಲ್ಲಿ ಏನೂ ಬಾರದಿದ್ದರೆ ಮೊದಲು ಟ್ಯೂಬ್ ಮಡಿಚಿದೆಯೇ ಎಂದು ನೋಡುವುದು ವಾಸಿ.

ಇಷ್ಟೆಲ್ಲ ಯಾಕೆ, ದಿನಾ ತೂಕ ನೋಡಿದರೆ ಮುಗಿಯಿತಲ್ಲ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಒಂದು ಕೆಜಿ ಇಳಿಕೆ ಸುಮಾರು ಒಂದು ಲೀಟರ್ ನೀರಿಗೆ ಸಮ. ಬೆವರು, ಉಸಿರಿನಲ್ಲಿ ಹೋದದ್ದು, ಅನ್ನ ಇಡ್ಲಿಯಲ್ಲಿ ಬಂದದ್ದು, ಚಾರ್ಟ್‌ಗೆ ಸಿಗದ ಇವೂ ಅದರಲ್ಲಿ ಸೇರಿರುತ್ತವೆ. ಆದರೆ ತೂಕ ದಿನಕ್ಕೊಮ್ಮೆ ಮಾತ್ರ ಮಾತಾಡುತ್ತದೆ, ಯಾವ ಡೋಸ್ ಸೋತಿತು ಎಂದು ಹೇಳುವುದಿಲ್ಲ. ಹಾಗಾಗಿ ಅದು ಚಾರ್ಟ್‌ಗೆ ಬದಲಿಯಲ್ಲ, ಅದರ ತಾಳೆ. ಬೆಳಿಗ್ಗೆ ಮೂತ್ರ ಮಾಡಿಸಿ, ತಿಂಡಿಗೆ ಮುಂಚೆ, ಅದೇ ಯಂತ್ರದಲ್ಲಿ, ಅಂಥದ್ದೇ ಬಟ್ಟೆಯಲ್ಲಿ ತೂಗಬೇಕು. ಮೇಲಿನ ರೋಗಿಯ ತೂಕ 68.0ರಿಂದ 67.8ಕ್ಕೆ ಇಳಿದಿದ್ದರೆ, ಋಣ 1,100 ಎಂದ ಚಾರ್ಟ್‌ನಲ್ಲಿ ಏನೋ ಬಿಟ್ಟುಹೋಗಿದೆ ಎಂದು ಆಗಲೇ ಹಿಡಿಯಬಹುದಿತ್ತು. ಆಗ ಅಂಕಿಯನ್ನು ತಿದ್ದಿ ತೂಕಕ್ಕೆ ಹೊಂದಿಸದೆ, ಹಿಂದಿನ ಮೂರು ಡ್ಯೂಟಿಯ ಐವಿ ದಾಖಲೆ ತೆಗೆದು, ಊಟದ ಹೊತ್ತಿನಲ್ಲಿ ಏನೇನು ಕುಡಿದರೆಂದು ರೋಗಿಯನ್ನೇ ಕೇಳಬೇಕು.