ಇಲ್ಲದ ಉತ್ತರವನ್ನೂ ಕೊಡುವ ಲೆಕ್ಕ

ಡಿಸಿ ಲೋಡ್ ಫ್ಲೋ ಎಂಬ ಹೆಸರೇ ವಿದ್ಯಾರ್ಥಿಗಳನ್ನು ಮೊದಲು ದಾರಿ ತಪ್ಪಿಸುತ್ತದೆ. ಇಲ್ಲಿ ಡಿಸಿ ಕರೆಂಟ್ ಎಲ್ಲಿಯೂ ಹರಿಯುವುದಿಲ್ಲ. ಲೆಕ್ಕ ಹಾಕುವುದು ನಮ್ಮ ಮಾಮೂಲಿ ಎಸಿ ಜಾಲಕ್ಕೇ. ಆದರೆ ಸಮೀಕರಣಗಳನ್ನು ಸರಳಗೊಳಿಸಿದ ಮೇಲೆ ಅವು ಓಮನ ನಿಯಮದಂತೆ ಕಾಣುತ್ತವೆ: ಕರೆಂಟಿನ ಜಾಗದಲ್ಲಿ ಮೆಗಾವ್ಯಾಟ್, ವೋಲ್ಟೇಜಿನ ಜಾಗದಲ್ಲಿ ಕೋನ, ರೆಸಿಸ್ಟೆನ್ಸಿನ ಜಾಗದಲ್ಲಿ ರಿಯಾಕ್ಟೆನ್ಸ್. ಹೆಸರು ಬಂದದ್ದು ಈ ಹೋಲಿಕೆಯಿಂದ.

ಒಂದು ಲೈನಿನಲ್ಲಿ ಹರಿಯುವ ಪವರ್, ರೆಸಿಸ್ಟೆನ್ಸ್ ಬಿಟ್ಟರೆ, P = V1·V2·sin δ / X. ಇಲ್ಲಿ δ ಎಂದರೆ ಎರಡು ತುದಿಗಳ ವೋಲ್ಟೇಜ್‌ಗಳ ನಡುವಿನ ಕೋನ. ಎರಡೂ ವೋಲ್ಟೇಜ್ 1.0 ಪರ್ ಯೂನಿಟ್ ಎಂದುಕೊಳ್ಳಿ, sin δ ಬದಲು δ ಬರೆಯಿರಿ. ಉಳಿಯುವುದು P = δ / X. ಕೋನ ರೇಡಿಯನ್‌ನಲ್ಲಿರಬೇಕು. ಪರೀಕ್ಷೆಯಲ್ಲಿ ಡಿಗ್ರಿ ಹಾಕಿ ಅಂಕ ಕಳೆದುಕೊಳ್ಳುವವರು ಈಗಲೂ ಇದ್ದಾರೆ. ಎಸಿ ಲೆಕ್ಕದಲ್ಲಿ ಮತ್ತೆ ಮತ್ತೆ ಅಂದಾಜು ತಿದ್ದುತ್ತಾ ಉತ್ತರದತ್ತ ಸಾಗಬೇಕು. ಇಲ್ಲಿ ಒಂದೇ ಸಲಕ್ಕೆ ಉತ್ತರ ಸಿಗುತ್ತದೆ. ಸಾವಿರಾರು ಲೈನ್‌ಗಳಲ್ಲಿ ಒಂದೊಂದನ್ನೇ ತೆಗೆದು ‘ಇದು ಟ್ರಿಪ್ ಆದರೆ ಉಳಿದವು ತಡೆಯುತ್ತವೆಯೇ’ ಎಂದು ನೋಡಬೇಕಾದಾಗ ಈ ವೇಗ ದೊಡ್ಡ ಅನುಕೂಲ.

ಈಗ ಒಂದು ಉದಾಹರಣೆ. 220 ಕೆವಿಯ ಎರಡು ಸರ್ಕ್ಯೂಟ್‌ಗಳು ದೂರದ ಒಂದು ಸ್ಟೇಷನ್ನಿಗೆ 220 ಮೆಗಾವ್ಯಾಟ್ ಒಯ್ಯುತ್ತಿವೆ. 100 ಎಂವಿಎ ಬೇಸ್‌ನಲ್ಲಿ ಪ್ರತಿ ಸರ್ಕ್ಯೂಟಿನ ರಿಯಾಕ್ಟೆನ್ಸ್ 0.25. ತಲಾ 250 ಮೆಗಾವ್ಯಾಟ್ ತಡೆಯಬಲ್ಲವು. ಕಳಿಸುವ ತುದಿಯ ವೋಲ್ಟೇಜ್ 1.0ರಲ್ಲೇ ನಿಂತಿದೆ. ಲೋಡ್ ಕೇಳುವುದು ಮೆಗಾವ್ಯಾಟ್ ಮಾತ್ರ; ಆ ತುದಿಯಲ್ಲಿ ವೋಲ್ಟೇಜ್ ಎತ್ತಿಹಿಡಿಯಲು ಜನರೇಟರ್, ಕೆಪ್ಯಾಸಿಟರ್ ಯಾವುದೂ ಇಲ್ಲ. ಲೈನಿನ ಚಾರ್ಜಿಂಗನ್ನೂ ಸದ್ಯಕ್ಕೆ ಬಿಡೋಣ.

ಎರಡೂ ಸರ್ಕ್ಯೂಟ್ ಸೇರಿ ರಿಯಾಕ್ಟೆನ್ಸ್ 0.125. ಡಿಸಿ ಲೆಕ್ಕ ಕೊಡುವ ಕೋನ 2.2 × 0.125 = 0.275 ರೇಡಿಯನ್, ಅಂದರೆ ಸುಮಾರು 15.8 ಡಿಗ್ರಿ. ಪೂರ್ತಿ ಎಸಿ ಲೆಕ್ಕದಲ್ಲಿ 16.7 ಡಿಗ್ರಿ, ದೂರದ ತುದಿಯ ವೋಲ್ಟೇಜ್ 211 ಕೆವಿ. ವ್ಯತ್ಯಾಸ ಒಂದು ಡಿಗ್ರಿಯಷ್ಟೂ ಇಲ್ಲ. ಇಷ್ಟು ಹತ್ತಿರ ಬಂದರೆ ಯಾರಿಗಾದರೂ ಲೆಕ್ಕದ ಮೇಲೆ ನಂಬಿಕೆ ಹುಟ್ಟುತ್ತದೆ.

ಒಂದು ಸರ್ಕ್ಯೂಟ್ ಟ್ರಿಪ್ ಆಗಲಿ. ಡಿಸಿ ಲೆಕ್ಕ ಹೇಳುವುದು: ಉಳಿದ ಸರ್ಕ್ಯೂಟಿನಲ್ಲಿ 220 ಮೆಗಾವ್ಯಾಟ್, ಕೋನ 31.5 ಡಿಗ್ರಿ. ಮಿತಿ 250, ಆದ್ದರಿಂದ ಪಾಸ್.

ಎಸಿ ಲೆಕ್ಕ ಮಾಡಿ ನೋಡಿ. ಸ್ವೀಕರಿಸುವ ತುದಿಗೆ ಆಸರೆ ಇಲ್ಲದಿದ್ದಾಗ ಅಲ್ಲಿನ ವೋಲ್ಟೇಜ್ cos δ ಆಗುತ್ತದೆ; P = sin 2δ / 2X. ಸೈನ್ ಒಂದನ್ನು ಮೀರಲಾರದು. ಹಾಗಾಗಿ ಈ ಲೈನ್ ಸಾಗಿಸಬಲ್ಲ ಗರಿಷ್ಠ ಪ್ರಮಾಣ 1 / (2 × 0.25) = 2.0, ಅಂದರೆ 200 ಮೆಗಾವ್ಯಾಟ್. ಕೇಳುತ್ತಿರುವುದು 220. ಈ ಸಮೀಕರಣಕ್ಕೆ ಉತ್ತರವೇ ಇಲ್ಲ. ವಾಸ್ತವದಲ್ಲಿ ಅಲ್ಲಿ ವೋಲ್ಟೇಜ್ ಕುಸಿಯುತ್ತದೆ.

ನನಗೆ ಇಲ್ಲಿ ಭಯ ಹುಟ್ಟಿಸುವುದು ಅಂದಾಜಿನ ಒಂದೆರಡು ಡಿಗ್ರಿ ತಪ್ಪಲ್ಲ. ಎಸಿ ಪ್ರೋಗ್ರಾಂ ಇಂಥಲ್ಲಿ ಉತ್ತರಕ್ಕೆ ಬರಲಾಗದೆ ತಡವರಿಸಿ ನಿಲ್ಲುತ್ತದೆ, ಏನೋ ಸರಿಯಿಲ್ಲ ಎಂದು ನಮಗೆ ತಿಳಿಯುತ್ತದೆ. ಡಿಸಿ ಸಮೀಕರಣ ಸರಳರೇಖೆ. ಜಾಲ ತುಂಡಾಗದಿದ್ದರೆ ಎಷ್ಟೇ ಲೋಡ್ ಹಾಕಿದರೂ ಅದಕ್ಕೊಂದು ಉತ್ತರ ಇದ್ದೇ ಇರುತ್ತದೆ. ವೋಲ್ಟೇಜ್ 1.0 ಎಂದು ನಾವೇ ಬರೆದುಕೊಟ್ಟ ಮೇಲೆ ವೋಲ್ಟೇಜ್ ಕುಸಿತವನ್ನು ಅದು ತೋರಿಸುವುದಾದರೂ ಹೇಗೆ?

2012ರ ಜುಲೈ 30ರ ನಸುಕಿನಲ್ಲಿ ಉತ್ತರ ಭಾರತದ ಗ್ರಿಡ್ ಬಿದ್ದಾಗ ಮೊದಲು ಟ್ರಿಪ್ ಆದದ್ದು 400 ಕೆವಿಯ ಬಿನಾ–ಗ್ವಾಲಿಯರ್ ಲೈನ್. ಅಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿರಲಿಲ್ಲ. ಲೋಡ್ ಹೆಚ್ಚಿತ್ತು, ವೋಲ್ಟೇಜ್ ತಗ್ಗಿತ್ತು. ಡಿಸ್ಟೆನ್ಸ್ ರಿಲೇ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ನೋಡುತ್ತದೆ; ಆ ಭಾಗಲಬ್ಧ ಚಿಕ್ಕದಾದಾಗ ಲೋಡನ್ನೇ ಫಾಲ್ಟ್ ಎಂದು ತಿಳಿಯಿತು. ಮೆಗಾವ್ಯಾಟನ್ನಷ್ಟೇ ನೋಡುವ ಲೆಕ್ಕದಲ್ಲಿ ಇಂಥ ಟ್ರಿಪ್ ಕಾಣುವುದೇ ಇಲ್ಲ.

ಹಾಗೆಂದು ಡಿಸಿ ಲೆಕ್ಕವನ್ನು ಬಿಡಬೇಕಿಲ್ಲ, ಅದರ ಉತ್ತರದಿಂದಲೇ ಅನುಮಾನವನ್ನೂ ಅಳೆಯಬಹುದು. ಲೈನ್ ನುಂಗುವ ರಿಯಾಕ್ಟಿವ್ ಪವರ್ ಸುಮಾರು P²X. ಟ್ರಿಪ್ ಆದ ಮೇಲೆ 2.2 × 2.2 × 0.25 = 1.21, ಅಂದರೆ 121 ಮೆಗಾವಾರ್, ಮೊದಲಿದ್ದುದರ ಎರಡರಷ್ಟು. ಎರಡೂ ತುದಿಯ ವೋಲ್ಟೇಜ್ 1.0ರಲ್ಲಿ ನಿಲ್ಲಬೇಕಾದರೆ ಅದರ ಅರ್ಧ, ಸುಮಾರು 60 ಮೆಗಾವಾರ್, ದೂರದ ಸ್ಟೇಷನ್ನೇ ಒದಗಿಸಬೇಕು. ನಿಖರ ಲೆಕ್ಕದಲ್ಲಿ ಅದು 66. ಅಷ್ಟನ್ನು ಜನರೇಟರ್ ಕೊಟ್ಟರೆ ಕೋನ 33.4 ಡಿಗ್ರಿಯಲ್ಲಿ ನಿಲ್ಲುತ್ತದೆ, ಡಿಸಿಯ 31.5ಕ್ಕೆ ಹತ್ತಿರವೇ. ಕೆಪ್ಯಾಸಿಟರ್ ಬ್ಯಾಂಕ್ ಮಾತ್ರ ಇದ್ದರೆ ಹುಷಾರಾಗಿರಬೇಕು: ವೋಲ್ಟೇಜ್ 0.9ಕ್ಕೆ ಇಳಿದರೆ 66ರ ಬ್ಯಾಂಕ್ ಕೊಡುವುದು 53 ಮೆಗಾವಾರ್ ಮಾತ್ರ.